ಗುಳೆ ಹೋಗುವವರಿಗೆ ಆ್ಯಪ್‌ಗಿಂತ ಮೊದಲು ಒಂದು ಲೆಕ್ಕದ ಪುಸ್ತಕ

"ಸರ್, ನಮ್ಮ ಯಾದಗಿರಿ, ಕಲಬುರಗಿ ಕಡೆಯಿಂದ ಬೆಂಗಳೂರು, ಪುಣೆಗೆ ದುಡಿಯೋಕೆ ಹೋಗಿ ಅಲ್ಲೇ ನೆಲೆಸೋರಿಗೆ ಉಪಯೋಗ ಆಗೋ ಹಾಗೆ ಏನಾದ್ರೂ ಸಾಮಾಜಿಕ ಉದ್ಯಮ ಶುರು ಮಾಡ್ಬೇಕು ಅಂತಿದೀವಿ. ಯಾವ ಐಡಿಯಾ ಒಳ್ಳೇದು? ಆ್ಯಪ್ ಮಾಡೋಣ್ವಾ?"

ಆ್ಯಪ್ ಬೇಡ. ಕೂಲಿ ಲೆಕ್ಕದ ಕೇಂದ್ರ ಮಾಡಿ. ಒಂದು ಮೇಜು ಯಾದಗಿರಿಯಲ್ಲಿರಲಿ, ಇನ್ನೊಂದು ಬೆಂಗಳೂರಿನಲ್ಲಿ ನಮ್ಮವರ ಶೆಡ್ಡುಗಳ ಹತ್ತಿರ. ಬಾಡಿಗೆ ಮನೆ, ಮಕ್ಕಳ ಶಾಲೆ, ತರಬೇತಿ ಎಲ್ಲವೂ ಬೇಕಾದದ್ದೇ. ಆದರೆ ನಾಲ್ಕು ತಿಂಗಳು ದುಡಿದ ದುಡ್ಡು ಕೈಗೆ ಬರದೆ ಇದ್ದರೆ ಮನೆ ಬಾಡಿಗೆಗೆ ಹಿಡಿಯೋದು ಯಾವುದರಿಂದ?

ನಮ್ಮ ಕಡೆ ಗುಳೆ ಹೇಗೆ ನಡೆಯುತ್ತದೆ ಅಂತ ಮೊದಲು ನೋಡಿ. ತೊಗರಿ ರಾಶಿ ಮುಗಿದ ಮೇಲೆ ಹಳ್ಳಿಯಲ್ಲಿ ಕೂಲಿ ಇರೋದಿಲ್ಲ. ಆಗ ಮೇಸ್ತ್ರಿ ಬರುತ್ತಾನೆ. ಬಹಳ ಸಲ ಅದೇ ತಾಂಡಾದವನು, ಇಲ್ಲಾ ಪಕ್ಕದ ಊರಿನವನು. ಮುಂಗಡ ಕೊಡುತ್ತಾನೆ, ಗಂಡ ಹೆಂಡತಿ ಇಬ್ಬರನ್ನೂ ಸೇರಿಸಿ 'ಜೋಡಿ' ಲೆಕ್ಕದಲ್ಲಿ ಮಾತಾಡುತ್ತಾನೆ. ಕೆಲಸದ ಜಾಗದಲ್ಲಿ ಪೂರಾ ಪಗಾರ ಕೊಡೋದಿಲ್ಲ, ವಾರಕ್ಕೊಮ್ಮೆ ಬಟವಾಡೆ ದಿನ ಊಟಕ್ಕೆ ಸಾಕಾಗುವಷ್ಟು ಖರ್ಚಿ ಕೊಡುತ್ತಾನೆ. ಉಳಿದದ್ದೆಲ್ಲ ಊರಿಗೆ ಹೊರಡುವಾಗ ಲೆಕ್ಕ ಮಾಡಿ ಕೊಡಬೇಕು. ಜಗಳ ಹುಟ್ಟೋದು ಆ ಕೊನೆಯ ಲೆಕ್ಕದಲ್ಲೇ.

ಒಂದು ಲೆಕ್ಕ ಹಾಕಿ ತೋರಿಸುತ್ತೇನೆ, ಅಂಕಿಗಳು ಉದಾಹರಣೆಗೆ. ಗುರುಮಠಕಲ್ ಕಡೆಯ ಒಂದು ಜೋಡಿ ಅಂದುಕೊಳ್ಳಿ. ಗಂಡನಿಗೆ ದಿನಕ್ಕೆ 700, ಹೆಂಡತಿಗೆ 500, ಸೇರಿ 1,200 ರೂಪಾಯಿ. ಮುಂಗಡ 40,000. ನಾಲ್ಕು ತಿಂಗಳು ಕೆಲಸ ಮಾಡಿ 96 ಹಾಜರಿ ಆಗಿದೆ ಅಂತ ಇವರ ಲೆಕ್ಕ. ಅಂದರೆ ದುಡಿದದ್ದು 1,15,200. ವಾರಕ್ಕೆ 2,500ರಂತೆ 17 ವಾರ ಖರ್ಚಿ ತಗೊಂಡಿದ್ದಾರೆ, ಅದು 42,500. ಮುಂಗಡ, ಖರ್ಚಿ ಎರಡೂ ಕಳೆದರೆ ಬರಬೇಕಾದ ಬಾಕಿ 32,700.

ಈಗ ಮೇಸ್ತ್ರಿ ಪುಸ್ತಕ ತೆಗೆಯುತ್ತಾನೆ. ಅದರಲ್ಲಿ ಹಾಜರಿ 84. ಸ್ಲ್ಯಾಬ್ ಹಾಕಿದ ರಾತ್ರಿಗಳನ್ನು ಇವರು ಒಂದೂವರೆ ದಿನ ಅಂತ ಎಣಿಸಿದ್ದರು, ಅವನು ಒಂದೇ ಅಂತ ಬರೆದಿದ್ದಾನೆ. ಮಳೆ ಬಂದು ಮಧ್ಯಾಹ್ನ ಕೆಲಸ ನಿಂತ ದಿನಗಳು ಇವರಿಗೆ ಅರ್ಧ ದಿನ, ಅವನಿಗೆ ಸೊನ್ನೆ. ಖರ್ಚಿ ಕಾಲಂನಲ್ಲಿ ವಾರಕ್ಕೆ 3,000 ಇದೆ, ಯಾಕಂದರೆ ಕಿರಾಣಿ ಅಂಗಡಿಯಲ್ಲಿ ಅವನ ಹೆಸರಲ್ಲಿ ತಂದ ಅಕ್ಕಿ ಎಣ್ಣೆಗೆ 500 ಸೇರಿಸಿದ್ದಾನೆ. ಆ ಸಾಮಾನು ಬೇರೆ ಶೆಡ್ಡಿನವರೂ ಹಂಚಿಕೊಂಡಿದ್ದರು ಅಂತ ಹೆಂಡತಿ ಹೇಳುತ್ತಾಳೆ, ಆದರೆ ಬರೆದಿಟ್ಟವರು ಯಾರು? ಅವನ ಪ್ರಕಾರ ದುಡಿದದ್ದು 1,00,800. ಮುಂಗಡ 40,000, ಖರ್ಚಿ 51,000 ಹೋದರೆ ಉಳಿದದ್ದು 9,800. ವ್ಯತ್ಯಾಸ 22,900 ರೂಪಾಯಿ.

ಇದರಲ್ಲಿ ಮೇಸ್ತ್ರಿ ದೊಡ್ಡ ಕಳ್ಳನೇ ಆಗಿರಬೇಕು ಅಂತಿಲ್ಲ. ಬಿಲ್ಡರ್‌ನಿಂದ ಕಂಟ್ರಾಕ್ಟರ್, ಅಲ್ಲಿಂದ ಸಬ್ ಕಂಟ್ರಾಕ್ಟರ್, ಅಲ್ಲಿಂದ ಮೇಸ್ತ್ರಿ ಅಂತ ದುಡ್ಡು ಇಳಿದು ಬರುತ್ತದೆ. ಅವನಿಗೆ ಚದರಡಿ ಲೆಕ್ಕದಲ್ಲಿ ಬಿಲ್ ಆಗುತ್ತದೆ, ಮೇಲಿನವನು ತಡೆಹಿಡಿದರೆ ಇವನು ಕೆಳಗಿನವರ ಹಾಜರಿ ಕಡಿಮೆ ಮಾಡಿ ಹೊಂದಿಸುತ್ತಾನೆ. ಇದನ್ನು ತಿಳಿಯದೆ ಎಲ್ಲ ಮೇಸ್ತ್ರಿಗಳನ್ನೂ ಶತ್ರು ಮಾಡಿಕೊಂಡರೆ ನಿಮ್ಮ ಕೇಂದ್ರಕ್ಕೆ ಒಬ್ಬ ಕೂಲಿಯವನೂ ಬರೋದಿಲ್ಲ. ಮುಂದಿನ ವರ್ಷ ಕೆಲಸ ಕೊಡುವವನು ಅವನೇ ಅಲ್ವಾ? ಒಬ್ಬ ಹೆಣ್ಣುಮಗಳು ನನಗೆ ಹೇಳಿದ್ದು ಇದೇ ಮಾತು: "ಅಣ್ಣಾ, ಅವ ನಮ್ಮ ತಾಂಡಾದಾಂವ. ಅವನ ಮ್ಯಾಲ ಕಂಪ್ಲೇಂಟ್ ಕೊಟ್ಟು ನಾ ಊರಾಗ ಹ್ಯಾಂಗ ಇರ್ಲಿ?"

ಹಾಗಾಗಿ ನಿಮ್ಮ ಕೇಂದ್ರದ ಮುಖ್ಯ ಕೆಲಸ ಕೊನೆಯಲ್ಲಿ ಜಗಳ ಬಿಡಿಸೋದಲ್ಲ. ವ್ಯತ್ಯಾಸ ಸಣ್ಣದಿರುವಾಗಲೇ ಅದನ್ನು ಹೊರಗೆ ತರೋದು. ಮೇಲಿನ ಜೋಡಿಯ 500 ರೂಪಾಯಿ ಎರಡನೇ ಬಟವಾಡೆಯಲ್ಲೇ ಗೊತ್ತಾಗಿದ್ದರೆ ಅಂಗಡಿಯವನನ್ನು ಕೇಳಿ ಅವತ್ತೇ ಸರಿ ಮಾಡಬಹುದಿತ್ತು. ಸ್ಲ್ಯಾಬ್ ರಾತ್ರಿ ಒಂದೋ ಒಂದೂವರೆಯೋ ಅನ್ನೋದು ಊರಿಂದ ಹೊರಡುವ ಮೊದಲೇ ಮಾತಾಗಿರಬೇಕು. ಅದಕ್ಕೇ ಯಾದಗಿರಿಯಲ್ಲಿ ಒಂದು ಮೇಜು ಬೇಕು ಅಂದದ್ದು.

ಇದಕ್ಕೆ ಪ್ರತಿ ಜೋಡಿಯ ಕೈಯಲ್ಲೂ ತಮ್ಮದೇ ಒಂದು ಲೆಕ್ಕದ ಪುಸ್ತಕ ಇರಬೇಕು. ಅದು ಹೇಗಿರಬೇಕು? ಜೇಬಿಗೆ ಹೋಗುವಷ್ಟು ಚಿಕ್ಕದು. ಒಂದು ಪುಟಕ್ಕೆ ಒಂದು ವಾರ. ಮೊದಲ ಪುಟದಲ್ಲಿ ಮಾತುಕತೆ: ಯಾರಿಗೆ ದಿನಕ್ಕೆ ಎಷ್ಟು, ಮುಂಗಡ ಎಷ್ಟು, ಅರ್ಧ ದಿನ ಅಂದರೆ ಎಷ್ಟು ಹೊತ್ತು, ರಾತ್ರಿ ಕೆಲಸಕ್ಕೆ ಎಷ್ಟು, ಹೋಗಿ ಬರುವ ರೈಲಿನ ಖರ್ಚು ಯಾರದು. ಒಳಗಿನ ಪುಟದಲ್ಲಿ ಗಂಡನಿಗೊಂದು ಕಾಲಂ, ಹೆಂಡತಿಗೊಂದು ಕಾಲಂ. ಇದರಲ್ಲಿ ರಾಜಿ ಬೇಡ. ಜೋಡಿ ಅಂತ ಒಟ್ಟಿಗೆ ಬರೆದರೆ ಅವಳ ದುಡಿಮೆ ಕಾಗದದ ಮೇಲೆ ಇಲ್ಲವೇ ಇಲ್ಲ. ಓದು ಬರದವರಿಗೆ ಪೂರಾ ದಿನಕ್ಕೆ ಒಂದು ನೆಟ್ಟಗಿನ ಗೀಟು, ಅರ್ಧಕ್ಕೆ ಓರೆ ಗೀಟು ಸಾಕು. ಬಟವಾಡೆ ದಿನ ಮೇಸ್ತ್ರಿಯ ಸಹಿ ಹಾಕಿಸಿ, ಆ ಪುಟದ ಫೋಟೋ ಕೇಂದ್ರದ ವಾಟ್ಸಾಪ್‌ಗೆ ಕಳಿಸಬೇಕು. ಪುಸ್ತಕ ಕಳೆದರೂ ಲೆಕ್ಕ ಉಳಿಯುತ್ತದೆ. ತಂತ್ರಜ್ಞಾನ ಇಷ್ಟೇ ಸಾಕು.

ಇನ್ನೊಂದು ಫೋಟೋ ಬಹಳ ಮುಖ್ಯ, ಕೆಲಸದ ಜಾಗದ ಬೋರ್ಡಿನದು. ನಮ್ಮವರಿಗೆ ಮೇಸ್ತ್ರಿಯ ಹೆಸರು ಬಿಟ್ಟರೆ ಬೇರೆ ಯಾರ ಹೆಸರೂ ಗೊತ್ತಿರೋದಿಲ್ಲ. ದೊಡ್ಡ ಅಪಾರ್ಟ್‌ಮೆಂಟ್ ಆದರೆ PRM/KA/RERA ಅಂತ ಶುರುವಾಗುವ ನೋಂದಣಿ ನಂಬರ್ ಇರುತ್ತದೆ. ಅದನ್ನು ರಿಯಲ್ ಎಸ್ಟೇಟ್ ಪ್ರಾಧಿಕಾರವಾದ ರೇರಾದ ವೆಬ್‌ಸೈಟಿನಲ್ಲಿ ಹಾಕಿದರೆ ಬಿಲ್ಡರ್ ಯಾರು ಅಂತ ಸಿಗುತ್ತದೆ. ಗುತ್ತಿಗೆದಾರ ಪಗಾರ ಕೊಡದಿದ್ದರೆ ಕೆಲಸ ಮಾಡಿಸಿಕೊಂಡ ಮೂಲ ಮಾಲೀಕನ ಮೇಲೆ ಹೊಣೆ ಬರುತ್ತದೆ. ಇದು 1970ರ ಗುತ್ತಿಗೆ ಕಾರ್ಮಿಕರ ಕಾಯ್ದೆಯಲ್ಲೇ ಇತ್ತು, 2019ರ ವೇತನ ಸಂಹಿತೆಯಲ್ಲೂ ಇದೆ. ಆದರೆ ಮಾಲೀಕನ ಹೆಸರೇ ಗೊತ್ತಿಲ್ಲದಿದ್ದರೆ ಕಾನೂನು ಇದ್ದು ಏನು ಮಾಡೋದು? ಚಿಕ್ಕ ಮನೆ ಕಟ್ಟುವ ಕಡೆ ಈ ಬೋರ್ಡ್ ಇರೋದಿಲ್ಲ, ಅಲ್ಲಿ ಫೋನಿನಿಂದ ಲೊಕೇಶನ್ ಕಳಿಸಿದರೆ ಆಯಿತು.

ಇದೇ ಪುಸ್ತಕ ಲೇಬರ್ ಕಾರ್ಡಿಗೂ ಬೇಕಾಗುತ್ತದೆ. ಕಟ್ಟಡ ಕಾರ್ಮಿಕರ ಮಂಡಳಿಯಲ್ಲಿ ನೋಂದಾಯಿಸಲು 18ರಿಂದ 60 ವಯಸ್ಸು, ಹಿಂದಿನ 12 ತಿಂಗಳಲ್ಲಿ 90 ದಿನ ಕಟ್ಟಡ ಕೆಲಸ ಮಾಡಿದ ಪುರಾವೆ ಬೇಕು. ಕೆಲಸವನ್ನೇ ಮಾಡದವರಿಗೆ ಏಜೆಂಟರು ಕಾರ್ಡ್ ಮಾಡಿಸಿಕೊಟ್ಟು, ಈಗ ನಿಜವಾಗಿ ಇಟ್ಟಿಗೆ ಹೊತ್ತವರೇ ದಾಖಲೆಗೆ ಅಲೆಯುವಂತಾಗಿದೆ. ವಾರ ವಾರ ಸಹಿ ಇರುವ ಪುಸ್ತಕ ತೋರಿಸಿದರೆ ಪ್ರಮಾಣಪತ್ರ ಕೇಳೋದು ಸುಲಭ. ಹೆಂಡತಿಗೆ ಬೇರೆ ಕಾಲಂ ಇದ್ದದ್ದು ಇಲ್ಲಿ ಉಪಯೋಗಕ್ಕೆ ಬರುತ್ತದೆ, ಅವಳ ಹೆಸರಲ್ಲೇ ಕಾರ್ಡ್ ಆಗುತ್ತದೆ. ಆದರೆ ಮಂಡಳಿ ರಾಜ್ಯ ರಾಜ್ಯಕ್ಕೆ ಬೇರೆ. ಬೆಂಗಳೂರಿಗೆ ಹೋದವರಿಗೆ ಕರ್ನಾಟಕದ ಕಾರ್ಡ್ ನಡೆಯುತ್ತದೆ, ಪುಣೆ ಹೈದರಾಬಾದಿಗೆ ಹೋದವರಿಗೆ ಅಲ್ಲಿ ಅದರಿಂದ ಉಪಯೋಗವಿಲ್ಲ. ಅದಕ್ಕೇ ಮೊದಲ ವರ್ಷ ಬೆಂಗಳೂರು ಒಂದನ್ನೇ ಹಿಡಿಯಿರಿ.

ರೇಷನ್ ವಿಷಯ ಬೇಗ ಹೇಳಿಬಿಡುತ್ತೇನೆ. ಈಗ ಬೇರೆ ಊರಲ್ಲೂ ರೇಷನ್ ತಗೊಳ್ಳಬಹುದು. ಆದರೆ ಸಿಮೆಂಟು ಸುಣ್ಣದಲ್ಲಿ ಕೆಲಸ ಮಾಡಿ ಬೆರಳಿನ ಗೆರೆ ಸವೆದವರ ಹೆಬ್ಬೆಟ್ಟನ್ನು ಮಷಿನ್ ತಗೊಳ್ಳೋದಿಲ್ಲ. ಊರಲ್ಲಿರುವಾಗಲೇ ಆಧಾರ್‌ನಲ್ಲಿ ಬೆರಳಚ್ಚು ಹೊಸದಾಗಿ ಕೊಡಿಸಿ, ಎಲ್ಲ ಸದಸ್ಯರ ಇ-ಕೆವೈಸಿ ಮುಗಿಸಿ ಕಳಿಸಬೇಕು. ಇದೂ ಯಾದಗಿರಿ ಮೇಜಿನ ಕೆಲಸ.

ಬೆಂಗಳೂರಿನ ಮೇಜಿಗೆ ಕಟ್ಟಡ ಬಾಡಿಗೆಗೆ ಹಿಡಿಯಬೇಡಿ. 2020ರ ಜನವರಿಯಲ್ಲಿ ಬೆಳ್ಳಂದೂರು ಹತ್ತಿರದ ಕರಿಯಮ್ಮನ ಅಗ್ರಹಾರದಲ್ಲಿ ಅಕ್ರಮ ಬಾಂಗ್ಲಾದವರು ಇದ್ದಾರೆ ಅಂತ ಹೇಳಿ ಶೆಡ್ಡುಗಳನ್ನು ಕೆಡವಿದರು. ಅಲ್ಲಿ ಉತ್ತರ ಕರ್ನಾಟಕದ ನಮ್ಮ ಜನರೂ ಇದ್ದರು. ಹೈಕೋರ್ಟ್ ಮಧ್ಯೆ ಬಂತು, ಆದರೆ ಅಷ್ಟರಲ್ಲಿ ಸಂಸಾರಗಳು ಬೀದಿಗೆ ಬಿದ್ದಾಗಿತ್ತು. ಶೆಡ್ಡುಗಳು ಜಾಗ ಬದಲಿಸಿದಂತೆ ನಿಮ್ಮ ಮೇಜೂ ಬದಲಾಗಬೇಕು. ಸಂಜೆ ಏಳರ ಮೇಲೆ ಮತ್ತು ಭಾನುವಾರ ಮಾತ್ರ ತೆರೆದಿದ್ದರೂ ಸಾಕು, ಹಗಲು ಯಾರೂ ಬರೋದಿಲ್ಲ. ಕೂತವರಲ್ಲಿ ಒಬ್ಬರಾದರೂ ಹೆಣ್ಣುಮಗಳಿರಬೇಕು, ಲಂಬಾಣಿ ಮಾತು ಬಂದರೆ ಇನ್ನೂ ಒಳ್ಳೆಯದು.

ಜಗಳ ಬಂದೇ ಬಂತು ಅನ್ನಿ. ಮೊದಲು ಮೇಸ್ತ್ರಿಗೆ ಫೋನ್. ಆಗದಿದ್ದರೆ ಯಾದಗಿರಿಯವರು ಅವನ ಮನೆಗೆ ಹೋಗಿ ಹಿರಿಯರ ಮುಂದೆ ಎರಡೂ ಪುಸ್ತಕ ಇಟ್ಟು ಕೂಡಿಸಬೇಕು. ಊರಲ್ಲಿ ಮರ್ಯಾದೆಯ ಪ್ರಶ್ನೆ ಇರೋದರಿಂದ ಬೆಂಗಳೂರಿನಲ್ಲಿ ಫೋನ್ ಎತ್ತದವನೂ ಇಲ್ಲಿ ಕೂತು ಮಾತಾಡುತ್ತಾನೆ. ಅವನಿಗೇ ಮೇಲಿನಿಂದ ದುಡ್ಡು ಬಂದಿಲ್ಲ ಅಂತಾದರೆ ಅವನನ್ನೂ ಸೇರಿಸಿಕೊಂಡು ಕಂಟ್ರಾಕ್ಟರ್‌ಗೆ, ಬಿಲ್ಡರ್‌ಗೆ ಬರೆಯಬೇಕು. ಕೊನೆಗೆ ಕಾರ್ಮಿಕ ಇಲಾಖೆ, ಉಚಿತ ಕಾನೂನು ನೆರವಿಗೆ 15100. ಆದರೆ ಮುಂಗಡ ತೀರುವ ತನಕ ಹೋಗಬೇಡ ಅಂತ ತಡೆದು ಕೂರಿಸಿದ್ದರೆ ಅಲ್ಲಿ ರಾಜಿ ಮಾಡಿಸಬೇಡಿ. ಅದು ಜೀತ. 1976ರ ಕಾಯ್ದೆ ಇದೆ, ನೇರ ತಹಶೀಲ್ದಾರ್ ಅಥವಾ ಡಿಸಿ ಹತ್ತಿರ ಹೋಗಿ.

ದುಡ್ಡಿನ ಮಾತು. ಯಾದಗಿರಿಯಲ್ಲಿ ಒಬ್ಬರಿಗೆ 15,000, ಬೆಂಗಳೂರಿನಲ್ಲಿ ಇಬ್ಬರಿಗೆ 22,000ದಂತೆ 44,000, ಓಡಾಟ ಫೋನು ಪುಸ್ತಕಕ್ಕೆ 16,000 ಅಂದರೂ ತಿಂಗಳಿಗೆ 75,000 ಆಗುತ್ತದೆ. 500 ಸಂಸಾರ ತಿಂಗಳಿಗೆ 50 ರೂಪಾಯಿ ಕೊಟ್ಟರೆ 25,000. ಮೂರರಲ್ಲಿ ಒಂದು ಪಾಲು ಮಾತ್ರ. ಉಳಿದದ್ದನ್ನು ಕಂಪನಿಗಳ ಸಿಎಸ್‌ಆರ್ ಹಣ, ದೇಣಿಗೆಯಿಂದ ತರಬೇಕು, ಹೂಡಿಕೆದಾರರ ಮುಂದೆ ಲಾಭದ ಸ್ಲೈಡ್ ಹಾಕಬೇಡಿ. ವಸೂಲಾದ ಬಾಕಿಯಲ್ಲಿ ಶೇಕಡಾ ಇಷ್ಟು ಅಂತ ತಗೊಳ್ಳಲೂ ಬೇಡಿ. ತಗೊಂಡರೆ ದೊಡ್ಡ ಮೊತ್ತದ ಜಗಳಗಳ ಹಿಂದೆಯೇ ಓಡುತ್ತೀರಿ, ಎರಡನೇ ವಾರದ 500 ರೂಪಾಯಿ ನಿಮಗೆ ಕಾಣೋದಿಲ್ಲ. ಬಿಲ್ಡರ್‌ಗಳಿಂದ ದುಡ್ಡು ತಗೊಂಡರೆ ಯಾರ ಪರ ನೀವು ಅಂತ ಕೂಲಿಯವರು ಕೇಳುತ್ತಾರೆ, ಕೇಳಲೇಬೇಕು. ಎರಡೂ ತುದಿಯಲ್ಲಿ ಕೆಲಸ ಮಾಡೋದು ಹೇಗೆ ಅಂತ ನೋಡಬೇಕಿದ್ದರೆ 2005ರಿಂದ ಉದಯಪುರದಲ್ಲಿರುವ, ವಲಸೆ ಕಾರ್ಮಿಕರಿಗಾಗಿ ಕೆಲಸ ಮಾಡುವ ಆಜೀವಿಕಾ ಬ್ಯೂರೋ ಸಂಸ್ಥೆಗೆ ಹೋಗಿ ಬನ್ನಿ. ದಕ್ಷಿಣ ರಾಜಸ್ಥಾನದ ಹಳ್ಳಿಗಳಲ್ಲೂ ಅಹಮದಾಬಾದ್, ಸೂರತ್‌ನಂಥ ಊರುಗಳಲ್ಲೂ ಅವರ ಕೆಲಸ ನಡೆಯುತ್ತದೆ.

ಪುಸ್ತಕ ನಿಜವಾಗಿ ನಡೆಯುತ್ತಿದೆಯಾ ಅಂತ ತಿಳಿಯೋದು ಕಷ್ಟವಲ್ಲ. ಎಲ್ಲ ಪುಟವೂ ಒಂದೇ ಪೆನ್ನಿನಲ್ಲಿ ಒಂದೇ ಸಲ ತುಂಬಿದ ಹಾಗಿದ್ದರೆ ಅದು ನಿಮಗೆ ತೋರಿಸಲು ಬರೆದದ್ದು. ಎರಡು ತಿಂಗಳಲ್ಲಿ ಒಂದೂ ಅರ್ಧ ದಿನ ಇಲ್ಲದಿದ್ದರೆ ಅನುಮಾನಪಡಿ. ಹೆಂಡತಿಯ ಕಾಲಂ ಖಾಲಿ ಇದ್ದರೆ ಗಂಡನನ್ನು ಬಿಟ್ಟು ಅವಳ ಹತ್ತಿರ ಕೂತು ಮಾತಾಡಿ. ಮೇಸ್ತ್ರಿ ಸಹಿ ಹಾಕಲು ಒಪ್ಪದಿದ್ದರೆ ಬಲವಂತ ಬೇಡ, ಅವನಿಗೂ ಒಂದು ಪುಸ್ತಕ ಕೊಡಿ, ಕಂಟ್ರಾಕ್ಟರ್‌ನಿಂದ ಅವನಿಗೆ ಬರಬೇಕಾದದ್ದನ್ನು ಬರೆದಿಡಲಿ. ಒಂದು ತಾಂಡಾ, ಇಬ್ಬರು ಮೂವರು ಮೇಸ್ತ್ರಿ, ಮೂವತ್ತು ನಲವತ್ತು ಸಂಸಾರ ಸಾಕು ಶುರುವಿಗೆ. ತೊಗರಿ ಕೊಯ್ಲು ಮುಗಿಯುವುದರೊಳಗೆ ಮಾತಾಡಿ ಮುಗಿಸಿ, ಮೊದಲ ಪುಟ ತುಂಬಿಸಿ ರೈಲು ಹತ್ತಿಸಿ.