ಓಡುತ್ತಿರುವ ಮಷೀನಿನ ಬೆಲೆಯನ್ನೂ ಪುಸ್ತಕದಲ್ಲಿ ಇಳಿಸಬೇಕಾ?

"ಮಷೀನಿಗೆ ಪ್ರತಿ ವರ್ಷ ಸವಕಳಿ ಹಾಕ್ತಾನೇ ಇದ್ದೀವಿ. ಅದು ಚೆನ್ನಾಗೇ ಓಡ್ತಿದೆ. ಆದ್ರೂ ಆಡಿಟರ್ ಇಂಪೇರ್‌ಮೆಂಟ್ ನೋಡಿ, ಬೆಲೆ ಇನ್ನೂ ಇಳಿಸಬೇಕಾಗಬಹುದು ಅಂತಾರೆ. ಯಾಕೆ?"

ಸವಕಳಿ ನೋಡುವುದು ಹಿಂದಕ್ಕೆ. ಮಷೀನಿಗೆ ಕೊಟ್ಟ ದುಡ್ಡನ್ನು ಅದು ಬಾಳುವ ವರ್ಷಗಳಿಗೆ ಹಂಚುವುದಷ್ಟೇ ಅದರ ಕೆಲಸ. ಆ ಹಂಚಿಕೆ ಮುಗಿಯುವುದಕ್ಕೆ ಮೊದಲೇ ಮಷೀನಿನ ದುಡಿಮೆ ಬಿದ್ದುಹೋದರೆ ಸವಕಳಿಗೆ ಅದು ಗೊತ್ತಾಗುವುದಿಲ್ಲ. ಇಂಪೇರ್‌ಮೆಂಟ್ ನೋಡುವುದು ಮುಂದಕ್ಕೆ. ಅದು ಕೇಳುವುದು ಒಂದೇ: ಪುಸ್ತಕದಲ್ಲಿ ಬರೆದಿರುವ ಇಷ್ಟು ದುಡ್ಡು ಈ ಮಷೀನಿನಿಂದ ವಾಪಸ್ ಬರುತ್ತದಾ? ಮಷೀನ್ ಸದ್ದಿಲ್ಲದೆ ಓಡುತ್ತಿದೆ ಅನ್ನುವುದು ಇದಕ್ಕೆ ಉತ್ತರ ಅಲ್ಲ.

ಒಂದು ಲೆಕ್ಕ ನೋಡೋಣ. ಬಾಟಲಿ ಮುಚ್ಚಳ ಮಾಡುವ ಒಂದು ಮಷೀನ್. ಕೊಂಡಿದ್ದು 100 ಲಕ್ಷಕ್ಕೆ, 10 ವರ್ಷ ಬಾಳುತ್ತದೆ ಅಂತ ಅಂದಾಜು, ಕೊನೆಗೆ ಗುಜರಿ ಬೆಲೆ ಏನೂ ಇಲ್ಲ. ವರ್ಷಕ್ಕೆ 10 ಲಕ್ಷ ಸವಕಳಿ. 4 ವರ್ಷ ಕಳೆದಿದೆ, ಪುಸ್ತಕ ಮೌಲ್ಯ 60 ಲಕ್ಷ. ಅಷ್ಟರಲ್ಲಿ ದೊಡ್ಡ ಗಿರಾಕಿ ಬೇರೆ ಅಳತೆಯ ಬಾಟಲಿಗೆ ಹೋಗಿಬಿಟ್ಟ. ಮಷೀನಿಗೆ ಏನೂ ಆಗಿಲ್ಲ, ಆದರೆ ಆರ್ಡರ್ ಕಡಿಮೆಯಾಯಿತು. ಲೆಕ್ಕದ ಭಾಷೆಯಲ್ಲಿ ಇದೇ ಇಂಪೇರ್‌ಮೆಂಟಿನ ಸೂಚನೆ. ಇಂಪೇರ್‌ಮೆಂಟಿಗೆ ಇರುವ ಅಂತರರಾಷ್ಟ್ರೀಯ ಲೆಕ್ಕಪತ್ರ ಮಾನದಂಡ ಐಎಎಸ್ 36ರ ಪ್ರಕಾರ ಮಷೀನಿನಂಥ ಆಸ್ತಿಗೆ ಪ್ರತಿ ವರ್ಷ ಪೂರ್ತಿ ಪರೀಕ್ಷೆ ಬೇಕಿಲ್ಲ. ಆದರೆ ಇಂಥ ಸೂಚನೆ ಇದೆಯಾ ಅಂತ ಪ್ರತಿ ವರ್ಷದ ಕೊನೆಗೆ ನೋಡಲೇಬೇಕು, ಇದ್ದರೆ ಲೆಕ್ಕ ಹಾಕಲೇಬೇಕು.

ಲೆಕ್ಕಕ್ಕೆ ಎರಡು ಅಂಕಿ ಬೇಕು. ಮೊದಲನೆಯದು, ಇವತ್ತು ಮಾರಿದರೆ ಕೈಗೆ ಬರುವುದೆಷ್ಟು. ಈ ಮಷೀನಿಗೆ ಮಾರುಕಟ್ಟೆಯಲ್ಲಿ 36 ಲಕ್ಷ ಸಿಗುತ್ತದೆ ಅಂದುಕೊಳ್ಳಿ. ತಳದ ಬೋಲ್ಟ್ ಬಿಚ್ಚಿ, ಕ್ರೇನ್ ತರಿಸಿ ಹೊರಗೆ ಸಾಗಿಸಲು, ಜೊತೆಗೆ ಕಾಗದಪತ್ರದ ಖರ್ಚಿಗೆ 4 ಲಕ್ಷ ಹೋಗುತ್ತದೆ. ಉಳಿಯುವುದು 32 ಲಕ್ಷ. ಎರಡನೆಯದು, ಮಾರದೆ ನಾವೇ ಓಡಿಸಿದರೆ ಬರುವುದೆಷ್ಟು. ಇದಕ್ಕೆ ಬಳಕೆ ಮೌಲ್ಯ ಅನ್ನೋಣ. ಉಳಿದ ಆರ್ಡರ್‌ಗಳಿಂದ ಎಲ್ಲ ಖರ್ಚು ಕಳೆದು ವರ್ಷಕ್ಕೆ 10 ಲಕ್ಷದಂತೆ ಇನ್ನೂ 6 ವರ್ಷ ಬರುತ್ತದೆ.

ಜಾಸ್ತಿ ಜನ ಎಡವುವುದು ಇಲ್ಲೇ. "ಆರು ಹತ್ತಲಿ ಅರವತ್ತು. ಪುಸ್ತಕದಲ್ಲೂ ಅರವತ್ತೇ ಇದೆ. ನಷ್ಟ ಎಲ್ಲಿದೆ?" ಅಂತಾರೆ. ಆದರೆ ಆರನೇ ವರ್ಷ ಬರುವ 10 ಲಕ್ಷ ಇವತ್ತಿನ 10 ಲಕ್ಷಕ್ಕೆ ಸಮ ಅಲ್ಲ. 12% ದರ ಹಿಡಿದರೆ ಮೊದಲ ವರ್ಷದ 10 ಲಕ್ಷದ ಇವತ್ತಿನ ಬೆಲೆ 8.93 ಲಕ್ಷ, ಆರನೇ ವರ್ಷದ್ದು ಬರೀ 5.07 ಲಕ್ಷ. ಆರೂ ವರ್ಷ ಕೂಡಿದರೆ 41.1 ಲಕ್ಷ. ಈ ದರ ತೆರಿಗೆಗೆ ಮುಂಚಿನದಾಗಿರಬೇಕು, ಆ ಹಣದ ಜೊತೆಗಿರುವ ಅಪಾಯವನ್ನೂ ತೋರಿಸಬೇಕು. ಅಮೆರಿಕದ ನಿಯಮದಲ್ಲಿ ಹೀಗೆ ಬಳಸುವ ಆಸ್ತಿಗೆ ಮೊದಲು ಡಿಸ್ಕೌಂಟ್ ಮಾಡದ, ಅಂದರೆ ಇವತ್ತಿನ ಬೆಲೆಗೆ ಇಳಿಸದ ಮೊತ್ತವನ್ನೇ ಪುಸ್ತಕ ಮೌಲ್ಯದ ಪಕ್ಕ ಇಟ್ಟು ನೋಡುತ್ತಾರೆ. ಅಲ್ಲಿ ಇದೇ ಮಷೀನು 60ಕ್ಕೆ 60 ಸಮ ಬಂದು ಪಾಸಾಗುತ್ತದೆ. ಐಎಎಸ್‌ನಲ್ಲಿ ಆ ಮೆಟ್ಟಿಲೇ ಇಲ್ಲ.

ಈಗ 32 ಮತ್ತು 41.1 ಎರಡರಲ್ಲಿ ದೊಡ್ಡದು ಯಾವುದೋ ಅದೇ ವಸೂಲಾಗಬಹುದಾದ ಮೊತ್ತ. ಎಚ್ಚರಿಕೆಗೆ ಸಣ್ಣದನ್ನು ತಗೋಬೇಕಲ್ವಾ ಅಂತ ಕೇಳುತ್ತಾರೆ. ಬೇಡ. ಓಡಿಸಿದರೆ 41 ಬರುವಾಗ ಯಾರೂ 32ಕ್ಕೆ ಮಾರುವುದಿಲ್ಲ. ಬುದ್ಧಿವಂತ ಮಾಲೀಕ ಯಾವ ದಾರಿ ಹಿಡಿಯುತ್ತಾನೋ ಅದೇ ಅಂಕಿ. ಹಾಗಾಗಿ ಎರಡರಲ್ಲಿ ಒಂದು ಪುಸ್ತಕ ಮೌಲ್ಯಕ್ಕಿಂತ ಮೇಲಿದ್ದರೂ ಸಾಕು, ಇನ್ನೊಂದನ್ನು ಲೆಕ್ಕ ಹಾಕುವ ತೊಂದರೆಯೇ ಬೇಡ. ನಮ್ಮ ಮಷೀನಿಗೆ ಆ ಅದೃಷ್ಟ ಇಲ್ಲ. 60ರಿಂದ 41.1 ಕಳೆದರೆ 18.9 ಲಕ್ಷ. ಅದು ಈ ವರ್ಷವೇ ಲಾಭ ನಷ್ಟದ ಖಾತೆಗೆ ಹೋಗುತ್ತದೆ. ಮುಂದೆ ಸವಕಳಿ ವರ್ಷಕ್ಕೆ 10 ಅಲ್ಲ, 41.1ನ್ನು 6 ವರ್ಷಕ್ಕೆ ಹಂಚಿ 6.85 ಲಕ್ಷ.

ಈ ಲೆಕ್ಕದಲ್ಲಿ ನಾನು ಮೊದಲು ಅನುಮಾನದಿಂದ ನೋಡುವುದು ಆ "ವರ್ಷಕ್ಕೆ 10 ಲಕ್ಷ" ಅನ್ನುವ ಸಾಲನ್ನೇ. ಹಿಂದಿನ ಮೂರು ವರ್ಷದ ಬಜೆಟ್ ತೆಗೆದು ನಿಜವಾಗಿ ಬಂದ ಹಣದ ಪಕ್ಕ ಇಡುತ್ತೇನೆ. ಪ್ರತಿ ವರ್ಷ ಬಜೆಟ್ಟಿನ ಮುಕ್ಕಾಲು ಭಾಗವೇ ಬಂದಿದ್ದರೆ, ಈ ಸಲ ಪೂರ್ತಿ ಬರುತ್ತದೆ ಅನ್ನುವುದನ್ನು ಹೇಗೆ ನಂಬುವುದು? ಇನ್ನೊಂದು ತಪ್ಪು ಅಷ್ಟು ಸುಲಭವಾಗಿ ಕಣ್ಣಿಗೆ ಬೀಳುವುದಿಲ್ಲ. "ಹೊಸ ಅಚ್ಚು ಹಾಕಿಸಿದರೆ ಹೊಸ ಅಳತೆಯ ಮುಚ್ಚಳವನ್ನೂ ಮಾಡಬಹುದು" ಅಂತ ಆ ಆದಾಯವನ್ನೂ ಸೇರಿಸಿರುತ್ತಾರೆ. ಬಳಕೆ ಮೌಲ್ಯ ಅಳೆಯುವುದು ಮಷೀನ್ ಈಗ ಇರುವ ಸ್ಥಿತಿಯಲ್ಲಿ. ಅದು ಈಗಿನಂತೆ ಓಡುತ್ತಿರಲು ಬೇಕಾದ ರಿಪೇರಿ ಖರ್ಚು ಸೇರಿಸಬೇಕು. ಇನ್ನೂ ದುಡ್ಡೇ ಹಾಕದ ಸುಧಾರಣೆಯ ಫಲ ಸೇರಿಸುವ ಹಾಗಿಲ್ಲ.

ಇಳಿಸಿದ ಮೇಲೆ ಕಾಲ ತಿರುಗಿದರೆ? ಮಷೀನಿನ ವಿಷಯದಲ್ಲಿ ವಾಪಸ್ ಏರಿಸಲೇಬೇಕು, ಆದರೆ ಅದಕ್ಕೊಂದು ಮಿತಿ ಇದೆ. ಎರಡು ವರ್ಷ ಕಳೆದು ಹೊಸ ಗಿರಾಕಿ ಬಂದ, ವಸೂಲಾಗಬಹುದಾದ ಮೊತ್ತ 45 ಲಕ್ಷ ಆಯಿತು ಅನ್ನಿ. ಆಗ ಪುಸ್ತಕದಲ್ಲಿರುವುದು 27.4. ಇಂಪೇರ್‌ಮೆಂಟ್ ಆಗದೇ ಇದ್ದಿದ್ದರೆ ಇರುತ್ತಿದ್ದುದು 40. ಏರಿಸುವುದು 40ರ ತನಕ ಮಾತ್ರ, 45ಕ್ಕೆ ಅಲ್ಲ.

ಇಷ್ಟೆಲ್ಲ ಆಗಿದ್ದು ಮುಚ್ಚಳದ ಮಷೀನ್ ಒಂದೇ ನಿಂತು ದುಡಿಯುತ್ತದೆ ಅನ್ನುವ ಕಾರಣಕ್ಕೆ. ಜಾಸ್ತಿ ಮಷೀನುಗಳು ಹಾಗಿರುವುದಿಲ್ಲ. ಒಂದು ಲೈನಿನ ನಡುವೆ ಬಾಟಲಿ ತುಂಬುವ ಮಷೀನ್ ಇದೆ, ಅದಕ್ಕೆ ಏಟು ಬಿದ್ದಿದೆ, ನಿಧಾನವಾಗಿ ಓಡುತ್ತದೆ. ಮಾರಿದರೆ ಪುಸ್ತಕ ಮೌಲ್ಯದ ಅರ್ಧವೂ ಬರುವುದಿಲ್ಲ. ಅದೊಂದರಿಂದ ಬರುವ ಹಣ ಎಷ್ಟು ಅಂತ ಬಿಡಿಸಿ ಹೇಳಲು ಆಗುವುದಿಲ್ಲ, ಹಣ ತರುವುದು ಇಡೀ ಲೈನು. ಆಗ ಪರೀಕ್ಷೆ ಇಡೀ ಲೈನಿಗೆ. ಲೈನಿನ ವಸೂಲಾಗಬಹುದಾದ ಮೊತ್ತ ಅದರ ಪುಸ್ತಕ ಮೌಲ್ಯಕ್ಕಿಂತ ಮೇಲಿದ್ದರೆ ಏಟು ಬಿದ್ದ ಮಷೀನಿಗೂ ಇಂಪೇರ್‌ಮೆಂಟ್ ಇಲ್ಲ. ಅದರ ಉಳಿದ ಆಯುಷ್ಯ ಕಡಿಮೆ ಆಗಿದೆಯಾ ಅಂತ ನೋಡಿ ಸವಕಳಿ ತಿದ್ದಿದರೆ ಸಾಕು.

ಆದರೆ ಆಡಳಿತ ಮಂಡಳಿ "ಇದನ್ನು ತೆಗೆದು ಬರುವ ತಿಂಗಳುಗಳಲ್ಲಿ ಮಾರಿಬಿಡೋಣ" ಅಂತ ತೀರ್ಮಾನ ಮಾಡಿದ ದಿನ ಲೆಕ್ಕ ಬದಲಾಗುತ್ತದೆ. ಅದು ಲೈನಿನಲ್ಲಿ ಇನ್ನು ದುಡಿಯುವುದು ತೀರಾ ಕಡಿಮೆ. ಅಂದರೆ ಅದರ ಬಳಕೆ ಮೌಲ್ಯ ಹೆಚ್ಚುಕಮ್ಮಿ ಮಾರಿದರೆ ಕೈಗೆ ಬರುವ ಹಣವೇ. ಈಗ ಆ ಮಷೀನಿಗೆ ತನ್ನದೇ ಅಂಕಿ ಸಿಕ್ಕಿತು, ಲೈನು ಎಷ್ಟೇ ಲಾಭದಲ್ಲಿದ್ದರೂ ನಷ್ಟ ಬರೆಯಲೇಬೇಕು. ಅದಕ್ಕೇ ನಾನು ಮಷೀನ್ ನೋಡಲು ಹೋಗುವುದಕ್ಕೆ ಮುಂಚೆ ಮಂಡಳಿಯ ನಡವಳಿ ಪುಸ್ತಕ ಕೇಳುತ್ತೇನೆ. ತೀರ್ಮಾನದ ತಾರೀಖು ಮಾರ್ಚ್ 28 ಆಗಿದ್ದು, ಲೆಕ್ಕ ಮುಗಿಯುವುದು ಮಾರ್ಚ್ 31ಕ್ಕೆ ಆದರೆ, ಆ ನಷ್ಟ ಈ ವರ್ಷದ್ದೇ.