ರಾತ್ರಿಯಾದರೆ ಸೊನ್ನೆಯಾಗುವ ಖಾತೆ

ಇಲ್ಲಿಗೆ ಬಂದು ಕೆಲಸಕ್ಕೆ ಸೇರಿದ ಮೊದಲ ವಾರ ನನಗೆ ಕೊಟ್ಟಿದ್ದು ಬ್ಯಾಂಕ್ ಸ್ಟೇಟ್‌ಮೆಂಟ್ ತಾಳೆ ನೋಡುವ ಕೆಲಸ. ಒಂದು ವಿಚಿತ್ರ ಕಂಡಿತು. ದಿನವಿಡೀ ಖಾತೆಗೆ ದುಡ್ಡು ಬರುತ್ತದೆ, ಹೋಗುತ್ತದೆ. ಆದರೆ ದಿನದ ಕೊನೆಯ ಸಾಲಿನಲ್ಲಿ ಬಾಕಿ 0. ಮರುದಿನವೂ 0. ನಾನೇ ಏನೋ ತಪ್ಪು ಡೌನ್‌ಲೋಡ್ ಮಾಡಿದೆ ಅಂದುಕೊಂಡು ಎರಡು ಸಲ ಮತ್ತೆ ತೆಗೆದೆ. ಪಕ್ಕದ ಸೀಟಿನ ಹಿರಿಯ ಅಕೌಂಟೆಂಟ್ ನೋಡಿ ನಕ್ಕರು. "ತಪ್ಪೇನಿಲ್ಲ. ನಮ್ಮ ದುಡ್ಡು ರಾತ್ರಿ ಮಲಗೋದು ಬೇರೆ ದೇಶದಲ್ಲಿ" ಅಂದರು.

ಊರಿನಿಂದ ಭಾವ ಫೋನ್ ಮಾಡಿದಾಗೆಲ್ಲ ಕೇಳುವ ಒಂದು ಪ್ರಶ್ನೆ ಇದೆ. "ನಿಮ್ಮ ಕಂಪನಿ ಹತ್ರ ರಾಶಿ ದುಡ್ಡಿದೆಯಂತೆ, ಪೇಪರಲ್ಲಿ ಬಂದಿತ್ತು. ನಿಂಗೇನಪ್ಪಾ ಚಿಂತೆ?" ಆ ಸೊನ್ನೆಯೇ ಅದಕ್ಕೆ ಉತ್ತರ. ಆದರೆ ಫೋನಿನಲ್ಲಿ ಹೇಳಿ ಮುಗಿಯುವಂಥದ್ದಲ್ಲ, ಅದಕ್ಕೇ ಬರೆಯುತ್ತಿದ್ದೇನೆ.

ಪೇಪರಲ್ಲಿ ಬಂದದ್ದು ಮಾತೃಸಂಸ್ಥೆಯ ಸುದ್ದಿ. ಅದಿರುವುದು ಬೇರೊಂದು ದೇಶದಲ್ಲಿ. ನನ್ನ ಸಂಬಳ ಕೊಡುವುದು ಅದರ ಅಂಗಸಂಸ್ಥೆ. ಬೋರ್ಡು, ಲೋಗೋ, ಇಮೇಲ್ ವಿಳಾಸ ಎಲ್ಲ ಒಂದೇ. ಆದರೆ ಕಾನೂನಿನ ಕಣ್ಣಿಗೆ ಇವು ಇಬ್ಬರು ಬೇರೆ ಬೇರೆ ವ್ಯಕ್ತಿಗಳು. ಅಂಗಸಂಸ್ಥೆ ಈ ದೇಶದಲ್ಲಿ ನೋಂದಣಿಯಾದ ಕಂಪನಿ. ಅದಕ್ಕೆ ತನ್ನದೇ ಡೈರೆಕ್ಟರುಗಳಿದ್ದಾರೆ, ತನ್ನದೇ ಆಡಿಟ್ ಇದೆ, ತನ್ನದೇ ತೆರಿಗೆ ಇದೆ, ತನ್ನದೇ ಸಾಲವಿದೆ. ಮಾತೃಸಂಸ್ಥೆ ಅದರ ಷೇರುದಾರ, ಅಷ್ಟೇ. ಷೇರುದಾರ ಹಾಕಿದ ಬಂಡವಾಳ ಕಳೆದುಕೊಳ್ಳಬಹುದು. ಕಂಪನಿಯ ಸಾಲವನ್ನು ಸಾಮಾನ್ಯವಾಗಿ ಅವನು ತೀರಿಸಬೇಕಿಲ್ಲ. (ಬ್ರಾಂಚ್ ಆಗಿದ್ದರೆ ಕತೆ ಬೇರೆ. ಅದು ಮಾತೃಸಂಸ್ಥೆಯದೇ ಕೈಕಾಲು, ಅದರ ಸಾಲ ನೇರವಾಗಿ ಮಾತೃಸಂಸ್ಥೆಯ ಸಾಲ.)

ಈಗ ಆ ಸೊನ್ನೆಗೆ ಬರೋಣ. ಇದಕ್ಕೆ ಕ್ಯಾಶ್ ಪೂಲಿಂಗ್ ಅನ್ನುತ್ತಾರೆ. ಗ್ರೂಪಿನಲ್ಲಿ ನಲವತ್ತು ಕಂಪನಿಗಳಿವೆ ಅಂದುಕೊಳ್ಳಿ. ಒಂದರ ಹತ್ತಿರ ದುಡ್ಡು ಸುಮ್ನೆ ಬಿದ್ದಿರುತ್ತದೆ. ಇನ್ನೊಂದು ಬ್ಯಾಂಕಿಗೆ ಓವರ್‌ಡ್ರಾಫ್ಟ್ ಬಡ್ಡಿ ಕಟ್ಟುತ್ತಿರುತ್ತದೆ. ಇದು ದಡ್ಡತನ ಅಲ್ವಾ? ಹಾಗಾಗಿ ದಿನದ ಕೊನೆಯಲ್ಲಿ ಎಲ್ಲರ ಖಾತೆಯನ್ನೂ ಗುಡಿಸಿ ಮಾತೃಸಂಸ್ಥೆಯ ಒಂದೇ ಖಾತೆಗೆ ಹಾಕುತ್ತಾರೆ. ಬೆಳಿಗ್ಗೆ ಯಾರಿಗೆ ಎಷ್ಟು ಬೇಕೋ ಅಷ್ಟು ವಾಪಸ್ ಬರುತ್ತದೆ. ಬಡ್ಡಿ ಉಳಿಯುತ್ತದೆ.

ಆದರೆ ಗುಡಿಸಿದ ದುಡ್ಡು ದಾನವಲ್ಲ. ನಮ್ಮ ಅಂಗಸಂಸ್ಥೆ ಪ್ರತಿ ರಾತ್ರಿ ಮಾತೃಸಂಸ್ಥೆಗೆ ಸಾಲ ಕೊಡುತ್ತಿದೆ. ನಮ್ಮ ಪುಸ್ತಕದಲ್ಲಿ ಬ್ಯಾಂಕ್ ಬಾಕಿ 0, ಅದರ ಕೆಳಗೆ "ಗ್ರೂಪ್ ಕಂಪನಿಗಳಿಂದ ಬರಬೇಕಾದದ್ದು" ಅಂತ ದೊಡ್ಡದೊಂದು ಮೊತ್ತ. ಮಾತೃಸಂಸ್ಥೆ ತನ್ನ ಎಲ್ಲ ಅಂಗಸಂಸ್ಥೆಗಳ ಲೆಕ್ಕ ಕೂಡಿಸಿ ಒಟ್ಟು ಬ್ಯಾಲೆನ್ಸ್ ಶೀಟ್ ಮಾಡುವಾಗ ಈ ಒಳಗಿನ ಸಾಲಗಳು ಒಂದಕ್ಕೊಂದು ವಜಾ ಆಗುತ್ತವೆ. ಹೊರಗಿನವರಿಗೆ ಕಾಣುವುದು ಒಂದೇ ದೊಡ್ಡ ನಗದು ಮೊತ್ತ. ಭಾವ ಓದಿದ್ದು ಅದನ್ನೇ.

ಲೆಕ್ಕ ಹಾಕಿ ನೋಡಿದರೆ ಅಪಾಯ ಎಲ್ಲಿದೆ ಅಂತ ಗೊತ್ತಾಗುತ್ತದೆ. ಸಣ್ಣ ಅಂಕಿ ಇಟ್ಟುಕೊಳ್ಳುತ್ತೇನೆ. ಒಂದು ಅಂಗಸಂಸ್ಥೆಯ ಆಸ್ತಿ ಒಟ್ಟು 100. ಅದರಲ್ಲಿ ಕಂಪ್ಯೂಟರ್, ಪೀಠೋಪಕರಣ 10. ಗಿರಾಕಿಗಳಿಂದ ಬರಬೇಕಾದದ್ದು 15. ಮಾತೃಸಂಸ್ಥೆಯಿಂದ ಬರಬೇಕಾದದ್ದು 75. ಬ್ಯಾಂಕಿನಲ್ಲಿ ಏನೂ ಇಲ್ಲ. ಈ ಕಡೆ ಸಂಬಳ, ಬಾಡಿಗೆ, ತೆರಿಗೆ, ಸರಕಿನವರ ಬಾಕಿ ಸೇರಿ ಕೊಡಬೇಕಾದದ್ದು 60. ಅಂದರೆ 40 ಸ್ವಂತದ್ದು, ಗಟ್ಟಿ ಕಂಪನಿ. ಈಗ ಮಾತೃಸಂಸ್ಥೆ ದಿವಾಳಿಯಾಯಿತು, ಅದಕ್ಕೆ ಸಾಲ ಕೊಟ್ಟವರಿಗೆ ರೂಪಾಯಿಗೆ 20 ಪೈಸೆ ಮಾತ್ರ ಸಿಗುತ್ತದೆ ಅನ್ನಿ. 75 ಇದ್ದದ್ದು 15 ಆಯಿತು. ಒಟ್ಟು ಆಸ್ತಿ 40, ಕೊಡಬೇಕಾದದ್ದು ಅದೇ 60. ಇಲ್ಲಿಯವರು ಒಂದು ದಿನವೂ ನಷ್ಟದ ವ್ಯಾಪಾರ ಮಾಡಿಲ್ಲ. ಆದರೂ ಕಂಪನಿ ಮುಳುಗಿತು. ಅದಕ್ಕೂ ಮೊದಲು, ಆ 15 ಕೈಗೆ ಬರಲು ವರ್ಷಗಟ್ಟಲೆ ಹಿಡಿಯುತ್ತದೆ. ಸಂಬಳದ ದಿನ ಮಾತ್ರ ತಿಂಗಳ ಕೊನೆಗೇ ಬರುತ್ತದೆ.

ಇದು ಬರೀ ಕಾಗದದ ಲೆಕ್ಕವಲ್ಲ. 2008ರ ಸೆಪ್ಟೆಂಬರ್ 15, ಸೋಮವಾರ ನ್ಯೂಯಾರ್ಕಿನ ಲೇಮನ್ ಬ್ರದರ್ಸ್ ಅನ್ನುವ ಹೂಡಿಕೆ ಬ್ಯಾಂಕು ಬಿದ್ದಾಗ ಲಂಡನ್ನಿನಲ್ಲಿ ಆದದ್ದೇ ಇದು. ಅಲ್ಲಿನ ಅಂಗಸಂಸ್ಥೆಯ ನಗದನ್ನೂ ದಿನದ ಕೊನೆಗೆ ನ್ಯೂಯಾರ್ಕ್‌ನಲ್ಲಿ ಒಟ್ಟುಗೂಡಿಸಿ, ಮರುದಿನ ಬೇಕಾದಷ್ಟು ಕಳಿಸುವ ಪದ್ಧತಿ ಇತ್ತು. ಶುಕ್ರವಾರ ಹೋದ ದುಡ್ಡು ಸೋಮವಾರ ವಾಪಸ್ ಬರಲಿಲ್ಲ. ಬೆಳಿಗ್ಗೆ ಎಂಟು ಗಂಟೆಗೆ ಮೊದಲೇ ಲಂಡನ್ ಕಂಪನಿ ಕೋರ್ಟ್ ನೇಮಿಸಿದ ಆಡಳಿತಗಾರರ ಕೈಗೆ ಹೋಯಿತು. ಅಷ್ಟು ಅವಸರ ಯಾಕೆಂದರೆ, ಸಾಲ ತೀರಿಸಲಾಗುವುದಿಲ್ಲ ಅಂತ ಗೊತ್ತಿದ್ದೂ ವ್ಯಾಪಾರ ಮುಂದುವರಿಸಿದರೆ ಅಲ್ಲಿನ ಡೈರೆಕ್ಟರುಗಳೇ ಸ್ವಂತ ಜೇಬಿನಿಂದ ಹೊಣೆ ಹೊರಬೇಕಾಗಬಹುದು. ನ್ಯೂಯಾರ್ಕ್‌ನಲ್ಲಿರುವ ದೊಡ್ಡವರು ಏನೇ ಹೇಳಲಿ, ಸಹಿ ಇವರದು.

ಆಮೇಲೆ ಆದದ್ದು ಇನ್ನೂ ವಿಚಿತ್ರ. ಆಡಳಿತಗಾರರು ವರ್ಷಗಟ್ಟಲೆ ಕೂತು ಬಾಕಿಗಳನ್ನು ವಸೂಲು ಮಾಡಿದರು. ಕೊನೆಗೆ ಲಂಡನ್ ಕಂಪನಿಗೆ ಅಡಮಾನವಿಲ್ಲದೆ ಸಾಲ ಕೊಟ್ಟವರಿಗೆ ಅಸಲು ಪೂರ್ತಿ ಸಿಕ್ಕಿತು, ಮೇಲೆ ದುಡ್ಡೂ ಮಿಕ್ಕಿತು. ಮಿಕ್ಕಿದ್ದು ಯಾರಿಗೆ ಅಂತ ಮತ್ತೆ ಕೋರ್ಟಿಗೆ ಹೋದರು, ಅದು ಬೇರೆ ಮಾತು. ಅತ್ತ ಮಾತೃಸಂಸ್ಥೆಗೆ ಸಾಲ ಕೊಟ್ಟವರಿಗೆ ಪೂರ್ತಿ ಸಿಗಲಿಲ್ಲ. ಒಂದೇ ಹೆಸರು, ಒಂದೇ ಲೋಗೋ. ಯಾರ ಕಾಗದದಲ್ಲಿ ಯಾವ ಕಂಪನಿಯ ಪೂರ್ತಿ ಹೆಸರಿತ್ತು ಅನ್ನುವುದರ ಮೇಲೆ ಅವರ ಗತಿ ನಿಂತಿತ್ತು.

ಹಾಗಾದರೆ ಮಾತೃಸಂಸ್ಥೆ ಕೈ ಹಿಡಿಯುವುದೇ ಇಲ್ವಾ? ಹೆಚ್ಚಿನ ಸಲ ಹಿಡಿಯುತ್ತದೆ, ಹೆಸರು ಕೆಡಬಾರದಲ್ಲ. ಆದರೆ ಹಿಡಿಯುವುದು ಬೇರೆ, ಹಿಡಿಯಲೇಬೇಕು ಅನ್ನುವುದು ಬೇರೆ. ಇದನ್ನು ನಾನು ಕಲಿತದ್ದು ಹೋದ ವರ್ಷ ಆಡಿಟ್ ಸಮಯದಲ್ಲಿ. ನಮ್ಮ ಆಡಿಟರ್ ಪಟ್ಟು ಹಿಡಿದು ಕೂತಳು. "ನಿಮ್ಮ ದುಡ್ಡೆಲ್ಲ ಅವರ ಹತ್ತಿರ ಇದೆ. ನೀವು ಮುಂದಿನ 12 ತಿಂಗಳು ನಡೆಯುತ್ತೀರಿ ಅಂತ ನಾನು ಹೇಗೆ ನಂಬಲಿ? ಅವರಿಂದ ಸಪೋರ್ಟ್ ಲೆಟರ್ ತರಿಸಿ." ತರಿಸಲು ಐದು ವಾರ ಹಿಡಿಯಿತು. ಮೊದಲ ಕರಡಿನಲ್ಲಿ "ಬೆಂಬಲಿಸುವ ಉದ್ದೇಶ ಹೊಂದಿದ್ದೇವೆ" ಅಂತಿತ್ತು. ಅವಳು ವಾಪಸ್ ಕಳಿಸಿದಳು. ಎರಡನೆಯದರಲ್ಲಿ "ಬೆಂಬಲಿಸುತ್ತೇವೆ" ಅಂತ ಬಂತು, ಆದರೆ ಎಲ್ಲಿಯವರೆಗೆ ಅಂತ ತಾರೀಖಿಲ್ಲ. ಮತ್ತೆ ವಾಪಸ್. ನನಗೆ ಆಗ ಇವಳದ್ದು ಅತಿಯಾಯಿತು ಅನಿಸಿತ್ತು.

ಅತಿಯಲ್ಲ ಅಂತ ಗೊತ್ತಾದದ್ದು ಒಂದು ಹಳೆಯ ಇಂಗ್ಲಿಷ್ ಮೊಕದ್ದಮೆ ಓದಿದ ಮೇಲೆ. ಮಲೇಷ್ಯಾ ಮೈನಿಂಗ್ ಕಾರ್ಪೊರೇಷನ್ನಿನ ಒಂದು ಅಂಗಸಂಸ್ಥೆ ಲಂಡನ್ನಿನಲ್ಲಿ ತವರದ ವ್ಯಾಪಾರ ಮಾಡುತ್ತಿತ್ತು. ಕ್ಲೈನ್‌ವರ್ಟ್ ಬೆನ್ಸನ್ ಬ್ಯಾಂಕು ಅದಕ್ಕೆ 1 ಕೋಟಿ ಪೌಂಡ್‌ವರೆಗೆ ಸಾಲ ಕೊಡಲು ಒಪ್ಪಿತು. ಮಾತೃಸಂಸ್ಥೆ ಗ್ಯಾರಂಟಿ ಕೊಡಲು ಒಪ್ಪಲಿಲ್ಲ, ಬದಲಿಗೆ ಕಂಫರ್ಟ್ ಲೆಟರ್ ಅನ್ನುವ ಭರವಸೆಯ ಪತ್ರ ಕೊಟ್ಟಿತು. ಬ್ಯಾಂಕು ಸರಿ ಅಂತ ಕಮಿಷನ್ ಸ್ವಲ್ಪ ಜಾಸ್ತಿ ಮಾಡಿತು. ಪತ್ರದ ತಿರುಳು ಇಷ್ಟು: ಅಂಗಸಂಸ್ಥೆ ತನ್ನ ಸಾಲ ತೀರಿಸುವ ಸ್ಥಿತಿಯಲ್ಲಿ ಸದಾ ಇರುವಂತೆ ನೋಡಿಕೊಳ್ಳುವುದು ನಮ್ಮ ನೀತಿ. 1985ರಲ್ಲಿ ತವರದ ಮಾರುಕಟ್ಟೆ ಕುಸಿಯಿತು, ಅಂಗಸಂಸ್ಥೆ ಮುಳುಗಿತು. ಬ್ಯಾಂಕು ಪತ್ರ ಹಿಡಿದು ಕೋರ್ಟಿಗೆ ಹೋಯಿತು. ಕೆಳಗಿನ ಕೋರ್ಟಿನಲ್ಲಿ ಗೆದ್ದಿತು. 1989ರಲ್ಲಿ ಮೇಲ್ಮನವಿ ಕೋರ್ಟು ತಿರುಗಿಸಿ ಹಾಕಿತು. ಅದು ಆಗಿನ ನೀತಿ ಏನು ಅಂತ ಹೇಳುವ ಮಾತು, ಮುಂದೆಯೂ ಹಾಗೇ ನಡೆಯುತ್ತೇವೆ ಅಂತ ಕೊಟ್ಟ ವಚನವಲ್ಲ ಅಂದಿತು. ಜಾಸ್ತಿ ಕಮಿಷನ್ ಕೇಳಿದ್ದೂ ಬ್ಯಾಂಕಿಗೆ ಮುಳುವಾಯಿತು ಅಂತ ನನಗನಿಸುತ್ತದೆ. ಪತ್ರ ಗ್ಯಾರಂಟಿಗೆ ಸಮ ಅಂತ ನಂಬಿದ್ದರೆ ಯಾಕೆ ಕೇಳುತ್ತಿದ್ದರು?

ಮಾತೃಸಂಸ್ಥೆಗೂ ಅಂಗಸಂಸ್ಥೆಗೂ ನಡುವಿನ ಈ ಗೋಡೆ ಎಲ್ಲ ಕಡೆಯೂ ಇಷ್ಟೇ ಗಟ್ಟಿ ಅಂತಲ್ಲ. 2019ರಲ್ಲಿ ಬ್ರಿಟನ್ನಿನ ಸುಪ್ರೀಂ ಕೋರ್ಟ್ ವೇದಾಂತ ಅನ್ನುವ ಗಣಿ ಕಂಪನಿಯ ಪ್ರಕರಣದಲ್ಲಿ, ಜಾಂಬಿಯಾದ ಅಂಗಸಂಸ್ಥೆಯ ಗಣಿಯಿಂದ ನೀರು ಕೆಟ್ಟಿತೆಂದು ದೂರಿದ ಹಳ್ಳಿಗರು ಲಂಡನ್ನಿನ ಮಾತೃಸಂಸ್ಥೆಯ ಮೇಲೂ ಅಲ್ಲೇ ದಾವೆ ನಡೆಸಬಹುದು ಅಂದಿತು. ಅಲ್ಲಿ ಪ್ರಶ್ನೆ ಷೇರು ಎಷ್ಟಿದೆ ಅನ್ನುವುದಲ್ಲ. ಮಾತೃಸಂಸ್ಥೆ ಆ ಕೆಲಸದಲ್ಲಿ ತಾನೇ ಎಷ್ಟು ಕೈ ಹಾಕಿತ್ತು ಅನ್ನುವುದು. ಆದರೆ ಇದು ಹಾನಿ ಅನುಭವಿಸಿದವರ ದಾರಿ. ಮಾಮೂಲಿ ಬಿಲ್ ಬಾಕಿಗೆ ಈ ದಾರಿ ಸಿಗುವುದು ಕಷ್ಟ.

ಲಾಭದ್ದೂ ಒಂದು ಮಾತು. ನಾವು ಮಾರುವ ಸರಕು ಮಾತೃಸಂಸ್ಥೆಯಿಂದಲೇ ಬರುತ್ತದೆ. ಯಾವ ಬೆಲೆಗೆ ಬರುತ್ತದೋ ಅದರ ಮೇಲೆ ನಮ್ಮ ಲಾಭ. ಹೊರಗಿನ ಎರಡು ಕಂಪನಿಗಳ ನಡುವೆ ಇರುವಂಥ ಬೆಲೆಯೇ ಇರಬೇಕು ಅಂತ ತೆರಿಗೆಯವರ ನಿಯಮ. ಹಾಗಾಗಿ ನಮ್ಮಂಥ ಮಾರಾಟದ ಕಂಪನಿಗೆ 100ಕ್ಕೆ 3ರಷ್ಟು ಲಾಭ ಉಳಿಯಲಿ ಅಂತ ಮೊದಲೇ ಕರಾರು ಮಾಡಿಟ್ಟಿದ್ದಾರೆ. ಹೋದ ಡಿಸೆಂಬರಿನಲ್ಲಿ ವ್ಯಾಪಾರ ಜೋರಾಗಿತ್ತು, ಲಾಭ 100ಕ್ಕೆ 7 ಮುಟ್ಟಿತ್ತು. ವರ್ಷದ ಕೊನೆಯ ದಿನ ಒಂದೇ ಒಂದು ಬಿಲ್ ಬಂತು, "ಬೆಲೆ ಹೊಂದಾಣಿಕೆ" ಅಂತ. ಮರುದಿನ ಲಾಭ 3. ಸೇಲ್ಸ್ ಮ್ಯಾನೇಜರ್ ನನ್ನ ಮೇಜಿನ ಹತ್ತಿರ ಬಂದು "ನಾವು ದುಡಿದಿದ್ದು ಎಲ್ಲಿ ಹೋಯ್ತು?" ಅಂತ ಕೂಗಾಡಿದರು. ನಷ್ಟದ ವರ್ಷದಲ್ಲಿ ಇದೇ ಬಿಲ್ ಉಲ್ಟಾ ಬಂದಿತ್ತು, ಆಗ ಯಾರೂ ಬಂದು ಕೇಳಿರಲಿಲ್ಲ.

ಮೊನ್ನೆ ಭಾವ ಮತ್ತೆ ಫೋನ್ ಮಾಡಿದ್ದರು. ಅವರ ಮಗನಿಗೆ ದೊಡ್ಡ ವಿದೇಶಿ ಕಂಪನಿಯಲ್ಲಿ ಕೆಲಸ ಸಿಕ್ಕಿದೆ. ಆಫರ್ ಲೆಟರಿನಲ್ಲಿ ಸಹಿಯ ಮೇಲಿರುವ ಕಂಪನಿ ಹೆಸರನ್ನು ಪೂರ್ತಿ ಓದಿ ಅಂದೆ. ಓದಿದರು. ಹಾಗಾದರೆ ಆ ಹೆಸರಿನ ಕಂಪನಿಯ ಸ್ವಂತ ಬ್ಯಾಲೆನ್ಸ್ ಶೀಟ್ ನೋಡಿ, ಗ್ರೂಪಿನದ್ದಲ್ಲ ಅಂದೆ. ನಗದು ಎಷ್ಟಿದೆ, ಗ್ರೂಪಿನಿಂದ ಬರಬೇಕಾದದ್ದು ಎಷ್ಟಿದೆ, ಟಿಪ್ಪಣಿಗಳಲ್ಲಿ ಸಪೋರ್ಟ್ ಲೆಟರ್ ಮಾತು ಬರುತ್ತದಾ ನೋಡಿ. ಸ್ವಲ್ಪ ಹೊತ್ತು ಮಾತಿಲ್ಲ. ಆಮೇಲೆ, "ಅದೆಲ್ಲ ಸರಿ ಕಣೋ, ಷೇರು ಕೊಡ್ತಾರಂತಲ್ಲ, ಅದು ಯಾವ ಕಂಪನಿದು?" ಅಂದರು.

ಮಾತೃಸಂಸ್ಥೆಯದ್ದು, ಭಾವ.