ಹೆಡ್ ಸರ್ ಹೇಳಬೇಕಾಗಿದ್ದ ಒಂದೂವರೆ ನಿಮಿಷ

"ಮೇಡಂ, ನೀವು ಕನ್ನಡ ಟೀಚರ್. ನೀವೇ ಬರೀರಿ" ಅಂದರು ಹೆಡ್ ಸರ್. ವಾರ್ಷಿಕೋತ್ಸವಕ್ಕೆ ಪಾಲಕರನ್ನು ಕರೆಯುವ ಒಂದು ಚಿಕ್ಕ ವಿಡಿಯೊ ಮಾಡಿ ವಾಟ್ಸಾಪ್ ಗುಂಪಿಗೆ ಹಾಕಬೇಕು ಎಂದು ಎಸ್‌ಡಿಎಂಸಿ ಸಭೆಯಲ್ಲಿ ತೀರ್ಮಾನ ಆಗಿತ್ತು. ಹಾವೇರಿ ಜಿಲ್ಲೆಯ ಸಣ್ಣ ಊರು ನಮ್ಮದು. ಏಳನೇ ತರಗತಿವರೆಗಿನ ಸರ್ಕಾರಿ ಶಾಲೆ, 142 ಮಕ್ಕಳು. ಆಹ್ವಾನ ಪತ್ರಿಕೆ ಪ್ರತಿ ವರ್ಷ ಅಚ್ಚಾಗುತ್ತದೆ. ಅದರ ತುಂಬ ಗಣ್ಯರ ಹೆಸರೇ. ಕಾರ್ಯಕ್ರಮ ಎಷ್ಟು ಹೊತ್ತಿಗೆ ಅಂತ ಹುಡುಕಬೇಕಾದರೆ ಕನ್ನಡಕ ಬೇಕು. ಹಿಂದಿನ ವರ್ಷ ಅರ್ಧ ಕುರ್ಚಿ ಖಾಲಿ ಉಳಿದದ್ದನ್ನು ಯಾರೂ ಮರೆತಿರಲಿಲ್ಲ.

ರಾತ್ರಿ ಕೂತು ಬರೆದೆ. "ಸಮಸ್ತ ಪೋಷಕ ಬಂಧುಗಳಿಗೆ ಆದರಪೂರ್ವಕ ವಂದನೆಗಳು" ಅಂತ ಶುರು. ಶಾಲೆಯ ಇತಿಹಾಸ, ದಾನಿಗಳಿಗೆ ಧನ್ಯವಾದ, ಶಿಕ್ಷಣದ ಬಗ್ಗೆ ನಾಲ್ಕು ಮಾತು, ಕೊನೆಗೆ ದಿನಾಂಕ. ಬೆಳಿಗ್ಗೆ ಸರ್ ಕೈಗೆ ಕೊಟ್ಟು, ಜೋರಾಗಿ ಓದಿ ಅಂದೆ. ಮೊಬೈಲಿನಲ್ಲಿ ಟೈಮ್ ಹಚ್ಚಿದೆ. ನಾಲ್ಕು ನಿಮಿಷ ದಾಟಿತು. "ಆದರಪೂರ್ವಕ" ಅನ್ನುವಲ್ಲಿ ಎರಡು ಸಲ ತಡವರಿಸಿದರು. ಬಿಸಿಯೂಟದ ಅಕ್ಕ ಬಾಗಿಲಲ್ಲಿ ನಿಂತು ಕೇಳುತ್ತಿದ್ದವಳು, "ಸರ, ಹಬ್ಬ ಯಾವತ್ತು ಅಂತ ಹೇಳಲೇ ಇಲ್ಲಲ್ರಿ?" ಅಂದಳು. ಹೇಳಿದ್ದರು. ಮೂರೂವರೆ ನಿಮಿಷ ಆದ ಮೇಲೆ. ಅಷ್ಟು ಹೊತ್ತಿಗೆ ಅವಳ ಗಮನ ಸಾರಿನ ಕಡೆ ಹೋಗಿತ್ತು.

ಅಲ್ಲಿಂದ ಕೆಲಸ ನಿಜವಾಗಿ ಶುರುವಾಯಿತು. ಸರ್ ಸಹಜವಾಗಿ ಮಾತಾಡುವಾಗ ನಿಮಿಷಕ್ಕೆ ಎಷ್ಟು ಪದ ಬರುತ್ತದೆ ಅಂತ ಎಣಿಸಿದೆ. ಎಪ್ಪತ್ತೈದರ ಆಸುಪಾಸು. ಕನ್ನಡದ ಪದಗಳು ಉದ್ದ, ಪ್ರತ್ಯಯ ಎಲ್ಲ ಅಂಟಿಕೊಂಡೇ ಬರುತ್ತವೆ. ಒಂದೂವರೆ ನಿಮಿಷ ಬೇಕು ಅಂದರೆ ನೂರು ಚಿಲ್ಲರೆ ಪದ ಮಾತ್ರ. ನಾನು ಬರೆದಿದ್ದು ಅದರ ಮೂರು ಪಟ್ಟು.

ಯಾವುದು ಉಳಿಯಬೇಕು? ಹೊಲದಿಂದ ಮೆಣಸಿನಕಾಯಿ ಬಿಡಿಸಿ ಬಂದ ತಾಯಿಗೆ ಏನು ಗೊತ್ತಾಗಬೇಕು ಅಂತ ಯೋಚಿಸಿದೆ. ಯಾವತ್ತು, ಎಷ್ಟು ಹೊತ್ತಿಗೆ, ಮಗುವನ್ನು ಹೇಗೆ ಕಳಿಸಬೇಕು, ದುಡ್ಡು ಕೇಳುತ್ತಾರಾ, ರಾತ್ರಿ ಎಷ್ಟು ಹೊತ್ತಾಗುತ್ತದೆ. ಇಷ್ಟೇ. ಇತಿಹಾಸ ಹೋಯಿತು. ದಾನಿಗಳು ಪತ್ರಿಕೆಯಲ್ಲೇ ಇದ್ದರು. "ಪೋಷಕರು" ಕೂಡ ಹೋಯಿತು. ನಮ್ಮ ಕಡೆ ಮಾತಿನಲ್ಲಿ ಪಾಲಕರು ಅಂತಾರೆ. ಆದರೆ ಅದನ್ನೂ ಬಿಟ್ಟು ತಾಯಂದಿರು, ತಂದೆಯವರು, ಅಜ್ಜ, ಅಜ್ಜಿ ಅಂತ ಬಿಡಿಸಿ ಬರೆದೆ. ಸುಮಾರು ಮನೆಗಳಲ್ಲಿ ಅಪ್ಪ ದುಡಿಯಲು ಗೋವಾಕ್ಕೋ ಮಂಗಳೂರಿಗೋ ಹೋಗಿರುತ್ತಾನೆ. ಮಗುವನ್ನು ಶಾಲೆಗೆ ಬಿಡುವುದು ಅಜ್ಜಿಯೇ. ಪಾಲಕರು ಅಂದರೆ ತಾನು ಅಂತ ಅವಳಿಗೆ ಅನಿಸುವುದೇ ಇಲ್ಲ.

"ಬರುವ ಶನಿವಾರ" ಅಂತಲೂ ಬರೆಯಲಿಲ್ಲ. ವಿಡಿಯೊ ಇವತ್ತು ಬಂದು ನಾಲ್ಕು ದಿನ ಬಿಟ್ಟು ಇನ್ನೊಬ್ಬರ ಮೊಬೈಲಿಗೆ ಹೋದರೆ, ಬರುವ ಶನಿವಾರ ಯಾವುದು? ತಾರೀಖು, ವಾರ ಎರಡೂ ಬೇಕು. ಫೆಬ್ರವರಿ 8, ಶನಿವಾರ. ಶನಿವಾರವನ್ನು ಆರಿಸಿದ್ದೂ ಸುಮ್ನೆ ಅಲ್ಲ. ಸೋಮವಾರ, ಗುರುವಾರ ಬ್ಯಾಡಗಿ ಮಾರುಕಟ್ಟೆ. ಆ ದಿನಗಳ ಹಿಂದುಮುಂದು ಊರಿನ ಗಂಡಸರು ಕೈಗೆ ಸಿಗುವುದಿಲ್ಲ.

ಇಷ್ಟೆಲ್ಲ ಕತ್ತರಿಸಿದ ಮೇಲೆ ನಾನೇ ಒಂದು ವಾಕ್ಯ ಸೇರಿಸಿದೆ. "ಈ ಸಲ ಎಲ್ಲ 142 ಮಕ್ಕಳೂ ವೇದಿಕೆ ಹತ್ತುತ್ತಾರೆ." ಹಿಂದಿನ ವರ್ಷ ಬಂದವರು ಯಾರು ಅಂತ ನೆನೆಸಿಕೊಂಡಾಗ ಹೊಳೆದದ್ದು ಅದು. ಡಾನ್ಸಿನಲ್ಲಿದ್ದ ಮಕ್ಕಳ ಮನೆಯವರು ಮಾತ್ರ ಬಂದಿದ್ದರು. ಉಳಿದವರು ಯಾಕೆ ಬರಬೇಕು, ಅಲ್ವಾ?

ಸರ್ ಆ ವಾಕ್ಯದ ಮೇಲೆ ಬೆರಳಿಟ್ಟರು. "ಇದು ಖರೇನಾ ಮೇಡಂ?"

ಖರೆ ಇರಬೇಕು ಅಂದುಕೊಂಡಿದ್ದೆ. ಹಾಜರಿ ಪುಸ್ತಕ, ಕಾರ್ಯಕ್ರಮದ ಪಟ್ಟಿ ಎರಡನ್ನೂ ಪಕ್ಕಪಕ್ಕ ಇಟ್ಟು ಟಿಕ್ ಹಾಕುತ್ತಾ ಹೋದೆವು. 11 ಮಕ್ಕಳ ಹೆಸರು ಯಾವ ಹಾಡಿನಲ್ಲೂ ಇಲ್ಲ, ಯಾವ ನಾಟಕದಲ್ಲೂ ಇಲ್ಲ. ಒಬ್ಬ ಮಾತಿನಲ್ಲಿ ಉಗ್ಗುವ ಹುಡುಗ. ಮೂವರು ಸುಗ್ಗಿ ಶುರುವಾದಾಗಿನಿಂದ ಸರಿಯಾಗಿ ಬರದವರು. ಉಳಿದವರು ಯಾರ ಕಣ್ಣಿಗೂ ಬೀಳದೆ ಹಿಂದೆ ಕೂರುವವರು. ನನ್ನ ತರಗತಿಯವರೇ ಇಬ್ಬರು. ಇದನ್ನು ಬರೆಯುವುದಕ್ಕೂ ನಾಚಿಕೆ ಆಗುತ್ತದೆ.

"ವಾಕ್ಯ ತೆಗೆದುಬಿಡ್ತೀನಿ ಸರ್" ಅಂದೆ.

"ಬ್ಯಾಡ್ರಿ. ವಾಕ್ಯ ಇರಲಿ. ಪಟ್ಟಿ ತಿದ್ದೋಣ."

ಪಿ.ಇ. ಮಾಸ್ತರು ಅವರಿಗೆ ಪರದೆ ಎಳೆಯುವ ಕೆಲಸ ಕೊಡೋಣ ಅಂದರು. ಪರದೆ ಎಳೆಯುವವರು ಕಾಣುವುದು ಎಲ್ಲಿ? ಸರ್ ಒಪ್ಪಲಿಲ್ಲ. ಕೊನೆಗೆ ನಾಡಗೀತೆಯನ್ನು ಈ ಸಲ ಆ ಹನ್ನೊಂದು ಮಕ್ಕಳೇ ಹಾಡಬೇಕು ಅಂತಾಯಿತು. ಎರಡೂವರೆ ನಿಮಿಷದ ಹಾಡು. ದಿನಾ ಪ್ರಾರ್ಥನೆಯಲ್ಲಿ ಹಾಡಿ ಬಾಯಿಪಾಠ ಆಗಿದ್ದದ್ದೇ, ಹೊಸದಾಗಿ ಕಲಿಸುವ ಗೋಜಿಲ್ಲ. ಉಗ್ಗುವ ಹುಡುಗ ಹಾಡುವಾಗ ಒಂದು ಸಲವೂ ತಡೆಯಲಿಲ್ಲ. ಹಾಡಿನಲ್ಲಿ ಹಾಗೆ ಉಗ್ಗು ಮಾಯವಾಗುತ್ತದೆ ಅಂತ ಓದಿದ್ದೆ, ಕಣ್ಣಾರೆ ಕಂಡದ್ದು ಅವತ್ತೇ. ವಿಡಿಯೊ ಎರಡು ದಿನ ತಡವಾಯಿತು.

ಆಮೇಲೆ ಹೆಸರುಗಳ ಜಗಳ. ವಿಡಿಯೊದಲ್ಲಿ ಶಾಸಕರ ಹೆಸರು ಹೇಳಬೇಕು ಅಂತ ಒಬ್ಬರು. ಹಾಗಾದರೆ ಪಂಚಾಯಿತಿ ಅಧ್ಯಕ್ಷರು ಬೇಡವಾ ಅಂತ ಇನ್ನೊಬ್ಬರು. ಒಂದು ಹೆಸರು ಒಳಗೆ ಬಂದರೆ ಹತ್ತು ಬರಬೇಕು. ಹತ್ತು ಹೆಸರಿಗೆ ಅರ್ಧ ನಿಮಿಷ ಬೇಕು. ಯಾರ ಹೆಸರೂ ಬೇಡ, ಎಲ್ಲ ಪತ್ರಿಕೆಯಲ್ಲಿದೆ ಅಂತ ಸರ್ ಗಟ್ಟಿಯಾಗಿ ನಿಂತರು. ಎಸ್‌ಡಿಎಂಸಿ ಅಧ್ಯಕ್ಷರ ಮುಖ ಸಣ್ಣದಾಯಿತು. ಅವರನ್ನು ಸರ್ ಪಕ್ಕದಲ್ಲಿ ನಿಲ್ಲಿಸಿ ಕೊನೆಯ ಒಂದೇ ಮಾತು ಅವರಿಂದ ಹೇಳಿಸುವುದು ಅಂತ ರಾಜಿ ಆಯಿತು. ಕೊನೆಗೆ ನಿಂತ ಬರಹ ಇದು:

"ನಮಸ್ಕಾರ. ನಾನು ನಿಮ್ಮೂರ ಶಾಲೆಯ ಹೆಡ್‌ಮಾಸ್ತರ್. ಫೆಬ್ರವರಿ 8, ಶನಿವಾರ ಸಂಜೆ 6 ಗಂಟೆಗೆ ನಮ್ಮ ಶಾಲೆಯ ವಾರ್ಷಿಕೋತ್ಸವ ಇದೆ. ಶಾಲೆಯ ಬಯಲಿನಲ್ಲೇ. ತಾಯಂದಿರು, ತಂದೆಯವರು, ಮನೆಯಲ್ಲಿರುವ ಅಜ್ಜ, ಅಜ್ಜಿ, ಎಲ್ಲರೂ ಬರಬೇಕು.

ಈ ಸಲ ಎಲ್ಲ 142 ಮಕ್ಕಳೂ ವೇದಿಕೆ ಹತ್ತುತ್ತಾರೆ. ನಿಮ್ಮ ಮಗುವೂ ಅದರಲ್ಲಿದೆ. ಡ್ರೆಸ್ಸಿಗೆ ಯಾರೂ ದುಡ್ಡು ಕೊಡಬೇಕಾಗಿಲ್ಲ. ಮಕ್ಕಳಿಗೆ ಊಟ ಮಾಡಿಸಿ, ತಲೆ ಬಾಚಿ, 4 ಗಂಟೆಗೆ ಶಾಲೆಗೆ ಕಳಿಸಿ. ಬಂಗಾರ, ಬೆಳ್ಳಿ ಹಾಕಿ ಕಳಿಸಬೇಡಿ.

ಮೊದಲು ಚಿಕ್ಕ ಮಕ್ಕಳ ಹಾಡು, ಕುಣಿತ. ಭಾಷಣ ಆಮೇಲೆ, ಅದೂ ಅರ್ಧ ಗಂಟೆ ಮಾತ್ರ. ರಾತ್ರಿ 9ಕ್ಕೆ ಮುಗಿಸುತ್ತೇವೆ. ಮಕ್ಕಳನ್ನು ನೀವೇ ಬಂದು ಕರೆದುಕೊಂಡು ಹೋಗಬೇಕು. ನನ್ನ ಹಿಂದೆ ಕಾಣುತ್ತಿರುವ ಈ ಕಟ್ಟೆಯೇ ನಮ್ಮ ವೇದಿಕೆ. ಅದರ ಮೇಲಿಂದ ನಿಮ್ಮ ಮಗು ಮೊದಲು ಹುಡುಕುವುದು ನಿಮ್ಮ ಮುಖವನ್ನೇ. ಫೆಬ್ರವರಿ 8, ಶನಿವಾರ. ಬನ್ನಿ."

ಆಮೇಲೆ ಅಧ್ಯಕ್ಷರು: "ಎಲ್ಲಾರೂ ಊಟ ಮಾಡ್ಕೊಂಡೇ ಹೋಗಬೇಕ್ರಿ."

ಶೂಟಿಂಗ್ ಆಫೀಸ್ ಕೋಣೆಯಲ್ಲಿ ಆಗಲಿಲ್ಲ. ಧ್ವನಿ ಬಾವಿಯೊಳಗಿಂದ ಬಂದಂತೆ ಕೇಳುತ್ತಿತ್ತು. ಮಾರನೇ ದಿನ ಬೆಳಿಗ್ಗೆ ಏಳೂವರೆಗೆ, ಮಕ್ಕಳು ಬರುವ ಮೊದಲು, ಬೇವಿನ ಮರದ ಕೆಳಗೆ ನಿಂತೆವು. ಮೊದಲ ಸಲ ಸೂರ್ಯ ಸರ್ ಬೆನ್ನ ಹಿಂದೆ ಇದ್ದ, ಮುಖ ಕಪ್ಪಗೆ ಬಂತು. ತಿರುಗಿ ನಿಲ್ಲಿಸಿದೆವು. ಮೊಬೈಲನ್ನು ಬೆಂಚಿನ ಮೇಲೆ ಬೆಂಚು ಇಟ್ಟು ಅವರ ಕಣ್ಣಿನ ಮಟ್ಟಕ್ಕೆ ಏರಿಸಿದೆವು. ಹಾಳೆ ಕೈಯಲ್ಲಿದ್ದರೆ ಸರ್ ಕಣ್ಣು ಕೆಳಗೇ ಇರುತ್ತಿತ್ತು. ದೊಡ್ಡ ಅಕ್ಷರದಲ್ಲಿ ಬರೆದು ಕ್ಯಾಮೆರಾದ ಪಕ್ಕಕ್ಕೆ ಹಿಡಿದರೆ, ಕಣ್ಣು ಎಡದಿಂದ ಬಲಕ್ಕೆ ಓಡುವುದು ಕಾಣುತ್ತಿತ್ತು. ಕೊನೆಗೆ ವಾಕ್ಯಗಳನ್ನು ಬಿಟ್ಟು, ಒಂದೊಂದು ಸಾಲಿಗೆ ಒಂದೇ ಪದ ಬರೆದೆ. ತಾರೀಖು. ಅಜ್ಜಿ. 142. ದುಡ್ಡು. ನಾಲ್ಕು. ಬಂಗಾರ. ಒಂಬತ್ತು. ಅಷ್ಟು ನೋಡಿಕೊಂಡು ಸರ್ ತಮ್ಮ ಮಾತಿನಲ್ಲೇ ಹೇಳಿದರು. ಆರನೇ ಸಲಕ್ಕೆ ಸರಿಯಾಗಿ ಬಂತು. ಧ್ವನಿಗೆ ಮಾತ್ರ ವೈರ್ ಇರುವ ಇಯರ್‌ಫೋನಿನ ಮೈಕನ್ನು ಅಂಗಿಯ ಕಾಲರಿಗೆ ಪಿನ್ ಹಾಕಿದ್ದೆ. ಹಾಗೆ ಮಾಡದೇ ಇದ್ದಿದ್ದರೆ ಬರೀ ಗುಬ್ಬಿ, ಕಾಗೆ ಕೇಳಿಸುತ್ತಿದ್ದವು.

ಗುಂಪಿಗೆ ಹಾಕಿದೆವು. ಆದರೆ ಇಪ್ಪತ್ತಕ್ಕೂ ಜಾಸ್ತಿ ಮನೆಗಳಲ್ಲಿ ಬಟನ್ ಮೊಬೈಲು. ಅದಕ್ಕೆ ದಾರಿ ಹೇಳಿಕೊಟ್ಟವಳೂ ಬಿಸಿಯೂಟದ ಅಕ್ಕನೇ. "ಕಸದ ಗಾಡ್ಯಾಗ ಹಾಕಿಸ್ರಿ" ಅಂದಳು. ಪಂಚಾಯಿತಿಯ ಗಾಡಿ ದಿನಾ ಬೆಳಿಗ್ಗೆ ಹಾಡು ಹಚ್ಚಿಕೊಂಡು ಓಣಿ ಓಣಿ ತಿರುಗುತ್ತದೆ. ಪಿಡಿಒ ಒಪ್ಪಿದರು. ವಿಡಿಯೊದ ಧ್ವನಿ ಮಾತ್ರ ಪೆನ್‌ಡ್ರೈವಿಗೆ ಹಾಕಿಕೊಟ್ಟೆವು. ಎರಡು ದಿನ ಹಾಡಿನ ಬದಲು ಹೆಡ್ ಸರ್ ಮಾತು. "ನನ್ನ ಹಿಂದೆ ಕಾಣುತ್ತಿರುವ ಈ ಕಟ್ಟೆಯೇ ನಮ್ಮ ವೇದಿಕೆ" ಅಂತ ಸರ್ ಹೇಳುತ್ತಿದ್ದರೆ, ಜನಕ್ಕೆ ಕಾಣುತ್ತಿದ್ದದ್ದು ಹಸಿ ಕಸ, ಒಣ ಕಸ. ಹುಡುಗರು ಅದನ್ನೇ ಹಿಡಿದುಕೊಂಡು ವಾರವಿಡೀ ನಕ್ಕರು. ಸರ್ ಕೂಡ ನಕ್ಕರು, ಸ್ವಲ್ಪ ತಡವಾಗಿ.

ಇದಕ್ಕಿಂತ ದೊಡ್ಡ ತಪ್ಪು ಗೊತ್ತಾದದ್ದು ಶನಿವಾರವೇ. ಒಂದೇ ಮಾತಿನೊಳಗೆ ನಾನು ಎರಡು ಹೊತ್ತು ಹೇಳಿಸಿದ್ದೆ. ಕಾರ್ಯಕ್ರಮಕ್ಕೆ 6, ಮಕ್ಕಳಿಗೆ 4. ಕಾಗದದಲ್ಲಿ ಎರಡೂ ಬೇರೆ ಬೇರೆಯಾಗಿ ಕಾಣುತ್ತವೆ. ಓಣಿಯಲ್ಲಿ ಗಾಡಿ ಮುಂದೆ ಹೋಗುತ್ತಾ ಇದ್ದರೆ ಕಿವಿಗೆ ಯಾವುದು ಬೀಳುತ್ತದೋ ಅದೇ. ಕೆಳಗಿನ ಓಣಿಯವರಿಗೆ ನಾಲ್ಕು ಕೇಳಿಸಿತ್ತು.

ಬಣ್ಣ ಹಚ್ಚಲು ಮಕ್ಕಳನ್ನು ಸಾಲಾಗಿ ಕೂರಿಸುತ್ತಿದ್ದೆವು. ಬಿಸಿಲು ಇನ್ನೂ ಇಳಿದಿರಲಿಲ್ಲ. ನೋಡಿದರೆ ಬಯಲಿನಲ್ಲಿ ಅಜ್ಜಿಯರ ದಂಡು, ಇಳಕಲ್ ಸೀರೆ ಉಟ್ಟು, ಎಲೆ ಅಡಿಕೆ ಚೀಲ ಹಿಡಿದುಕೊಂಡು. ಕುರ್ಚಿ ಇನ್ನೂ ಗಾಡಿಯಿಂದ ಇಳಿಸಿರಲಿಲ್ಲ. ನಾನು ಓಡಿಹೋಗಿ ಕ್ಷಮೆ ಕೇಳಿದೆ. "ಅಮ್ಮಾ, ಆರಕ್ಕೆ ಶುರು. ಮನೆಗೆ ಹೋಗಿ ಬರ್ತೀರಾ?"

"ಸರು ಅಜ್ಜಿ ಬಾ ಅಂದಾರ. ಇನ್ನ ಹೆಂಗ ಹೋಗಲಿ?" ಅಂದಳು ಒಬ್ಬಳು, ಆ ಉಗ್ಗುವ ಹುಡುಗನ ಅಜ್ಜಿ. ಆಮೇಲೆ ಸಾಲಿನ ಕಡೆ ಕಣ್ಣು ಹಾಯಿಸಿ, "ಆ ಹುಡುಗಿ ಜಡಿ ಬಿಚ್ಯಾದಲ್ಲ ಅಕ್ಕೋರೆ, ಬಾಚಣಿಗಿ ಕೊಡ್ರಿ ಇಲ್ಲಿ" ಅಂತ ಕೈ ಚಾಚಿದಳು. ನಮ್ಮ ಹತ್ತಿರ ಇದ್ದ ಬಾಚಣಿಗೆ ಎರಡೇ. ಇನ್ನೂ ಮೂರು ಅಜ್ಜಿಯರ ಚೀಲದಿಂದ ಹೊರಬಂದವು.